ಜಿಲ್ಲಾ ಡೆಸ್ಕಿನ ಹೂಂ ಅಕ್ಕ

ಅವಳನ್ನು ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಹೂಂ ಅಕ್ಕ ಎಂದು. ಹಾಗೆ ಕರೆದರೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಪುರುಸೊತ್ತಾದರೂ ಎಲ್ಲಿತ್ತು? ಇಪ್ಪತ್ತೇಳು ವರ್ಷ ಕಿವಿಗೆ ಫೋನು, ಕೈಗೆ ಕೀಬೋರ್ಡು, ಬಾಯಲ್ಲಿ 'ಹೂಂ'. ಮಧ್ಯಾಹ್ನ ಎರಡರಿಂದ ಸಂಜೆ ಏಳರ ತನಕ ಕಚೇರಿಯ ದೊಡ್ಡ ಹಾಲಿನ ಕಿಟಕಿ ಮೂಲೆಯಿಂದ ಆ ಸದ್ದು ಬರುತ್ತಲೇ ಇರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ವಾರ ತಿರುಗಿ ತಿರುಗಿ ನೋಡುತ್ತಿದ್ದರು, ಎರಡನೇ ವಾರ ಫ್ಯಾನಿನ ಸದ್ದಿನಂತೆ ಅದನ್ನು ಮರೆತುಬಿಡುತ್ತಿದ್ದರು.

ವಿಷಯ ಇಷ್ಟೇ. ಜಿಲ್ಲೆಯ ಊರೂರುಗಳಲ್ಲಿ ಪತ್ರಿಕೆಗೆ ಅರೆಕಾಲಿಕ ವರದಿಗಾರರಿದ್ದರು. ಒಬ್ಬರು ಔಷಧಿ ಅಂಗಡಿಯವರು, ಒಬ್ಬರು ಫೋಟೋ ಸ್ಟುಡಿಯೋ ಇಟ್ಟವರು, ಒಬ್ಬರು ನಿವೃತ್ತ ಮೇಷ್ಟ್ರು. ಸುದ್ದಿಗೆ ಇಷ್ಟು ಎಂದು ಕೊಡುತ್ತಿದ್ದರು, ಸಂಬಳ ಗಿಂಬಳ ಏನಿಲ್ಲ. ಹೆಸರೂ ಇಲ್ಲ, 'ನಮ್ಮ ವರದಿಗಾರರಿಂದ' ಎಂದು ಹಾಕಿದರೆ ಮುಗಿಯಿತು. ಅವರು ಫೋನಿನಲ್ಲಿ ಸುದ್ದಿ ಹೇಳುವುದು, ಅಕ್ಕ ಈ ಕಡೆ ಟೈಪು ಮಾಡಿಕೊಳ್ಳುವುದು. ಒಂದು ವಾಕ್ಯ ಟೈಪಾದ ಕೂಡಲೇ 'ಹೂಂ' ಎನ್ನುತ್ತಾಳೆ. ಅಂದರೆ ಆಯಿತು, ಮುಂದೆ ಹೇಳಿ ಎಂದು. 'ಹಾಂ?' ಎಂದರೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದು. ಏನೂ ಎನ್ನದೆ ಸುಮ್ಮನಿದ್ದರೆ? ಅದೇ ಭಯದ್ದು. ಸುಮ್ಮನಿದ್ದಾಳೆ ಎಂದರೆ ಆ ವಾಕ್ಯದ ಮೇಲೆ ಅವಳಿಗೆ ನಂಬಿಕೆಯಿಲ್ಲ. ಆ ಮೌನಕ್ಕೆ ಎಂಥ ವರದಿಗಾರನಿಗೂ ಹಣೆಯಲ್ಲಿ ಬೆವರು ಬರುತ್ತಿತ್ತು. "ಇಲ್ಲಾ ಅಕ್ಕ, ಸತ್ತಿದ್ದು ಇಬ್ಬರಾ ಮೂವರಾ ಅಂತ ನಾನು ಖುದ್ದು ನೋಡಿಲ್ಲ. ಆಸ್ಪತ್ರೆಗೆ ಹೋಗಿ ಕೇಳ್ಕೊಂಡು ಬರ್ತೀನಿ" ಎಂದು ತಾವೇ ಫೋನಿಡುತ್ತಿದ್ದರು. ಯಾರೂ ಈ ಪಾಠವನ್ನು ಬರೆದಿಟ್ಟಿರಲಿಲ್ಲ. ವರ್ಷಗಟ್ಟಲೆ ಫೋನಿನಲ್ಲೇ ಆದ ಒಡಂಬಡಿಕೆ ಅದು.

ಅವಳೊಂದಿಗೆ ಹೆಚ್ಚು ವರ್ಷ ಮಾತನಾಡಿದವರು ಜಿಲ್ಲೆಯ ಕಟ್ಟಕಡೆಯ ಊರಿನ ಮೇಷ್ಟ್ರು. ಇಪ್ಪತ್ತೆರಡು ವರ್ಷ, ದಿನಾ ಮಧ್ಯಾಹ್ನ ಮೂರೂವರೆಗೆ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಮಕ್ಕಳಿಗೆ ಉಕ್ತಲೇಖನ ಕೊಟ್ಟು ಕೊಟ್ಟು ಅವರಿಗೆ ಅದೇ ಅಭ್ಯಾಸ: "ಶಾಲೆಯ ಛಾವಣಿ ಸೋರುತ್ತಿದೆ, ಪೂರ್ಣವಿರಾಮ. ಹೊಸ ಪ್ಯಾರಾ." ಅಕ್ಕನಿಗೆ ನಗು. "ಮೇಷ್ಟ್ರೇ, ಪೂರ್ಣವಿರಾಮ ನಾನೇ ಹಾಕ್ಕೋತೀನಿ ಬಿಡಿ" ಎಂದು ನೂರು ಸಲ ಹೇಳಿದ್ದಾಳೆ. "ಆಯ್ತು ತಾಯಿ, ಪೂರ್ಣವಿರಾಮ" ಎಂದು ಅವರೂ ನೂರು ಸಲ ಹೇಳಿದ್ದಾರೆ.

ಆಮೇಲೆ ಕಚೇರಿ ಕರಗಲು ಶುರುವಾಯಿತು. ಒಂದೇ ದಿನಕ್ಕೆ ಏನಲ್ಲ. ಮೊದಲು ಮುದ್ರಣಯಂತ್ರ ಬೇರೆ ಊರಿಗೆ ಹೋಯಿತು. ನಂತರ ಪುಟ ವಿನ್ಯಾಸದವರು ಹೋದರು, ಅದರಲ್ಲಿ ಅಕ್ಕನ ಗಂಡನೂ ಒಬ್ಬ. ಸ್ವಯಂ ನಿವೃತ್ತಿ ಎಂದು ಪತ್ರದಲ್ಲಿ ಬರೆದಿತ್ತು, ಅದರಲ್ಲಿ ಸ್ವಯಂ ಎಷ್ಟಿತ್ತು ಎನ್ನುವುದು ಅವನಿಗೇ ಗೊತ್ತು. ಈಗ ಮನೆಯ ನಡುಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅಂಗಡಿಗಳಿಗೆ ಪೋಸ್ಟರು, ಮದುವೆಗಳಿಗೆ ಆಹ್ವಾನ ಪತ್ರಿಕೆ ಮಾಡಿಕೊಡುತ್ತಿದ್ದ. ನಲವತ್ತು ಜನ ಕೂರುತ್ತಿದ್ದ ಹಾಲಿನಲ್ಲಿ ಹದಿನಾಲ್ಕು ಜನ ಉಳಿದರು. ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒರಗಿಸಿದ್ದರು. ಟೀ ಕುಡಿಯಲು ಎದ್ದಾಗಲೆಲ್ಲ ಅಕ್ಕ ಆ ಕಡೆ ನೋಡದೆ ಹೋಗುತ್ತಿದ್ದಳು.

ಒಂದು ಸೋಮವಾರ ಡಿಜಿಟಲ್ ವಿಭಾಗದ ಮುಖ್ಯಸ್ಥೆ ಅವಳನ್ನು ಕರೆದಳು. ಈ ಮುಖ್ಯಸ್ಥೆ ಹನ್ನೊಂದು ವರ್ಷದ ಹಿಂದೆ ಟ್ರೈನಿಯಾಗಿ ಬಂದು ಅಕ್ಕನ ಪಕ್ಕದಲ್ಲೇ ಕೂತು ಕೆಲಸ ಕಲಿತವಳು. ಮೊದಲ ದಿನ ಯಾವುದೋ ತಪ್ಪಿಗೆ ಅಳುತ್ತಾ ಬಚ್ಚಲುಮನೆಗೆ ಓಡಿದ್ದವಳನ್ನು ಕರೆತಂದು ಟೀ ಕುಡಿಸಿದ್ದು ಅಕ್ಕನೇ. ಹಾಗಾಗಿ ಅಕ್ಕ ಅವಳನ್ನು ನಾಲ್ಕು ಜನರೆದುರು ಮೇಡಂ ಎನ್ನುತ್ತಿದ್ದಳು, ಇಬ್ಬರೇ ಇದ್ದಾಗ ಪರಸ್ಪರ ನೀನು.

"ಅಕ್ಕ, ಸುತ್ತಿ ಬಳಸಿ ಹೇಳಲ್ಲ. ಜಿಲ್ಲಾ ಪುಟ ಮೂರು ತಿಂಗಳಲ್ಲಿ ನಿಲ್ಲುತ್ತೆ" ಎಂದಳು ಮುಖ್ಯಸ್ಥೆ.

ಅಕ್ಕ ಏನೂ ಹೇಳಲಿಲ್ಲ.

"ಹಾಗೆ ಸುಮ್ಮನಿರ್ಬೇಡ, ನಂಗೆ ಈಗ್ಲೂ ಹೆದರಿಕೆ ಆಗುತ್ತೆ. ಇದು ಸುಳ್ಳಲ್ಲ. ಮ್ಯಾನೇಜ್‌ಮೆಂಟ್ ನಿಂಗೂ ನಿವೃತ್ತಿ ಪತ್ರ ಕೊಡೋಕೆ ರೆಡಿ ಇದೆ. ನಾನು ಒಂದು ಅವಕಾಶ ಕೇಳ್ಕೊಂಡಿದ್ದೀನಿ. ದಿನಾ ಬೆಳಿಗ್ಗೆ ಆರು ನಿಮಿಷದ ಜಿಲ್ಲಾ ಸುದ್ದಿ, ಆಡಿಯೋ. ನಮ್ಮ ಪತ್ರಿಕೆ ಆ್ಯಪ್ನಲ್ಲಿ ಹಾಕ್ತೀವಿ, ಫೋನಿಗೂ ಕಳಿಸ್ತೀವಿ. ನೀನೇ ಮಾಡ್ಬೇಕು. ಕೇಳೋಕೆ ಶುರು ಮಾಡಿದ ನೂರು ಜನರಲ್ಲಿ ಅರವತ್ತು ಜನ ಕೊನೇವರೆಗೂ ಕೇಳಿದ್ರೆ ಡೆಸ್ಕ್ ಉಳಿಯುತ್ತೆ. ನೀನೂ ಉಳೀತೀಯ, ನಿನ್ನ ವರದಿಗಾರರೂ ಉಳೀತಾರೆ."

"ಇಲ್ದಿದ್ರೆ?"

"ಇಲ್ದಿದ್ರೆ ಪತ್ರ."

ಮನೆಗೆ ಬಂದು ಗಂಡನ ಮುಂದೆ ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿದಳು. "ಐವತ್ತೊಂದು ವರ್ಷಕ್ಕೆ ರೇಡಿಯೋ ಆಗ್ಬೇಕಂತೆ ಕಣ್ರೀ ನಾನು!" ಅವನು ಯಾವುದೋ ಬಟ್ಟೆ ಅಂಗಡಿಯ ಪೋಸ್ಟರಿನಿಂದ ತಲೆ ಎತ್ತಿ ನೋಡಿದ. "ಪತ್ರ ತಗೊಂಡ ಮೊದಲನೇ ವಾರ ನಾನು ದಿನಾ ಬೆಳಿಗ್ಗೆ ಸ್ನಾನ ಮಾಡಿ ಇಸ್ತ್ರಿ ಶರ್ಟ್ ಹಾಕ್ಕೊಂಡು ಈ ಕುರ್ಚಿ ಮೇಲೆ ಕೂತ್ಕೋತಿದ್ದೆ. ನಿಂಗೆ ಹೇಳಿರ್ಲಿಲ್ಲ. ರೇಡಿಯೋನೇ ಆಗು, ಪರವಾಗಿಲ್ಲ" ಎಂದ. ಮದುವೆಯಾಗಿ ಇಷ್ಟು ವರ್ಷವಾದರೂ ಈ ಮನುಷ್ಯ ತನ್ನ ಕಷ್ಟವನ್ನು ತಾನಾಗಿ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಧ್ವನಿ ಜೋಡಿಸುವ ಕೆಲಸಕ್ಕೆ ಒಬ್ಬನಿದ್ದ, ಮುಚ್ಚಿಹೋದ ರೇಡಿಯೋ ಕೇಂದ್ರವೊಂದರಿಂದ ಬಂದವನು. ಕಚೇರಿಯವರು ಅವನನ್ನು ಕಿವಿ ಎಂದೇ ಕರೆಯುತ್ತಿದ್ದರು. ಹಳೆಯ ಕಡತದ ಕೋಣೆಗೆ ದಪ್ಪ ಕಂಬಳಿ ಹೊಡೆದು ಅದನ್ನೇ ಸ್ಟುಡಿಯೋ ಮಾಡಿದ್ದ. ಅಕ್ಕ ಮೊದಲ ದಿನ ಔಷಧಿ ಅಂಗಡಿಯವರಿಗೆ ಫೋನು ಮಾಡಿ, ಬಸ್ಸು ನಿಂತುಹೋದ ಊರಿನ ಸುದ್ದಿಯನ್ನು ಅವರ ಧ್ವನಿಯಲ್ಲೇ ಮುದ್ರಿಸಿಕೊಂಡಳು. ಕಿವಿ ಹೆಡ್‌ಫೋನು ಹಾಕಿಕೊಂಡು ಕೇಳಿದ. ಅರ್ಧ ನಿಮಿಷಕ್ಕೇ ತೆಗೆದು ಮೇಜಿನ ಮೇಲಿಟ್ಟ.

"ಅಕ್ಕ, ಇದ್ರಲ್ಲಿ ಒಂದು ಎಮ್ಮೆ ಇದೆ."

"ಎಮ್ಮೆನಾ? ಅವ್ರು ಅಂಗಡಿಯಿಂದ ಮಾತಾಡಿದ್ದಪ್ಪಾ!"

"ಅವ್ರ ಕಡೆ ಅಲ್ಲ, ನಿಮ್ ಕಡೆ" ಎಂದು ಹಾಕಿ ಕೇಳಿಸಿದ. ಔಷಧಿ ಅಂಗಡಿಯವರ ಪ್ರತಿ ವಾಕ್ಯದ ಬಾಲದ ಮೇಲೂ ಅಕ್ಕನ 'ಹೂಂ' ಸವಾರಿ ಮಾಡಿತ್ತು. ಒಂದೊಂದು ಕಡೆ ಕೊನೆಯ ಪದವೇ ಕೇಳಿಸುತ್ತಿರಲಿಲ್ಲ. ಅಕ್ಕ ಕೆನ್ನೆ ಮುಟ್ಟಿಕೊಂಡಳು. ಇಪ್ಪತ್ತೇಳು ವರ್ಷದಲ್ಲಿ ತನ್ನ ಹೂಂ ತನಗೇ ಕೇಳಿಸಿದ್ದು ಇವತ್ತೇ.

"ಇದನ್ನ ಕತ್ತರಿಸಿ ತೆಗೆಯೋಕಾಗಲ್ವಾ?"

"ಇಬ್ರ ಧ್ವನಿನೂ ಒಂದೇ ಟ್ರ್ಯಾಕಲ್ಲಿ ಕೂತಿದೆ. ನಿಮ್ಮದನ್ನ ತೆಗೆದ್ರೆ ಅವ್ರದ್ದೂ ಹೋಗುತ್ತೆ. ರೇಡಿಯೋದಲ್ಲಾದ್ರೆ ಆ ಕಡೆ ನಮ್ಮವನೊಬ್ಬ ಮೈಕ್ ಹಿಡ್ಕೊಂಡು ಅವ್ರ ಧ್ವನಿ ಮಾತ್ರ ಬೇರೆ ಮುದ್ರಿಸ್ಕೋತಿದ್ದ. ಇಲ್ಲಿ ಆ ಕಡೆ ಯಾರಿದ್ದಾರೆ? ನೀವು ಬಾಯಿ ಮುಚ್ಚಿಕೊಂಡಿರೋದೊಂದೇ ದಾರಿ."

ಸರಿ, ಅಕ್ಕ ಬಾಯಿ ಮುಚ್ಚಿದಳು. ಹೇಳುವುದು ಸುಲಭ, ಮಾಡಿ ನೋಡಿ ಗೊತ್ತಾಗುತ್ತದೆ. ಕರವಸ್ತ್ರವನ್ನು ಬಾಯಿಗೆ ಅದುಮಿಕೊಂಡು ಕೂತಳು. ಹೂಂ ಹೊಟ್ಟೆಯಿಂದ ಎದ್ದು ಗಂಟಲಿಗೆ ಬರುತ್ತಿತ್ತು, ಅದನ್ನು ನುಂಗುತ್ತಿದ್ದಳು. ಉಳಿದ ಸುದ್ದಿಗಳನ್ನು ತಾನೇ ಬರೆದುಕೊಂಡು ಓದಿದಳು. ಮೊದಲ ಎರಡು ವಾರ ಹೀಗೆ ಹೋಯಿತು. ಆಮೇಲೆ ಕಿವಿ ತನ್ನ ಕಂಪ್ಯೂಟರ್ ಪರದೆಯ ಮೇಲೆ ಒಂದು ಗೆರೆ ತೋರಿಸಿದ. ಯಾವ ಕ್ಷಣದಲ್ಲಿ ಎಷ್ಟು ಜನ ಕೇಳುವುದನ್ನು ಬಿಟ್ಟು ಎದ್ದರು ಎಂಬ ಲೆಕ್ಕ ಅದು. ಗೆರೆ ನಲವತ್ತನೇ ಸೆಕೆಂಡಿಗೆ ಮೆಟ್ಟಿಲಿನಿಂದ ಬಿದ್ದಂತೆ ಬಿದ್ದಿತ್ತು. ಕೊನೆಯವರೆಗೆ ಉಳಿದವರು ನೂರಕ್ಕೆ ಮೂವತ್ತೊಂದು.

"ನಲವತ್ತನೇ ಸೆಕೆಂಡಲ್ಲಿ ಏನು ಹೇಳಿದ್ದೀನಿ ನಾನು?"

"'ಈ ಕುರಿತು ಸಾರ್ವಜನಿಕರಲ್ಲಿ ತೀವ್ರ ಅಸಮಾಧಾನ ವ್ಯಕ್ತವಾಗಿದೆ ಎಂದು ತಿಳಿದುಬಂದಿದೆ' ಅಂದಿದ್ದೀರಿ" ಎಂದ ಕಿವಿ. "ಪೇಪರಲ್ಲಿ ಕಣ್ಣು ಅದನ್ನ ಹಾರ್ಕೊಂಡು ಹೋಗುತ್ತೆ. ಕಿವಿಗೆ ಹಾರೋಕೆ ಬರಲ್ಲ. ಎದ್ದು ಹೋಗುತ್ತೆ, ಅಷ್ಟೇ."

ಇಷ್ಟು ದಿನ ಇನ್ನೊಬ್ಬರ ವಾಕ್ಯ ತಿದ್ದಿದವಳಿಗೆ ತನ್ನ ವಾಕ್ಯವೇ ತಪ್ಪು ಎಂದು ತಿಳಿಯಿತು. ಅವಮಾನ ಆಗದೆ ಇರುತ್ತದೆಯೇ? ಆಯಿತು. ಆದರೆ ಅವಳು ಮರುದಿನದಿಂದಲೇ ಬರೆದದ್ದನ್ನು ಮೊದಲು ಅಡುಗೆಮನೆಯಲ್ಲಿ ಗಂಡನಿಗೆ ಬಾಯಲ್ಲಿ ಹೇಳಿ, ಅವನು "ಆಮೇಲೆ?" ಎಂದರೆ ಮಾತ್ರ ಇಟ್ಟುಕೊಳ್ಳತೊಡಗಿದಳು. ನೂರಕ್ಕೆ ಮೂವತ್ತೊಂದು ಇದ್ದದ್ದು ಮೂವತ್ತೆಂಟಾಯಿತು. ಅಲ್ಲಿಗೇ ನಿಂತಿತು. ಯಾಕೆಂದರೆ ಅವಳ ಓದು ಸುಧಾರಿಸಿದರೂ ವರದಿಗಾರರ ಧ್ವನಿ ದಿನದಿಂದ ದಿನಕ್ಕೆ ಒಣಗುತ್ತಿತ್ತು. ಮೊದಲು ಮೂರು ನಿಮಿಷ ಬಿಡದೆ ಮಾತನಾಡುತ್ತಿದ್ದವರು ಈಗ ನಾಲ್ಕು ವಾಕ್ಯ ಹೇಳಿ "ಅಷ್ಟೇ ಅಕ್ಕ" ಎನ್ನುತ್ತಿದ್ದರು. ಮೈಕ್ ಹೆದರಿಕೆ ಎಂದುಕೊಂಡಳು. ಅದು ಅವಳ ದೊಡ್ಡ ತಪ್ಪು.

ಐದನೇ ವಾರ ಮೇಷ್ಟ್ರು ಒಂದು ಸುದ್ದಿ ಕೊಟ್ಟರು. ಅಲ್ಲಿಯವರೆಗೆ ಅವರ ಸುದ್ದಿಯನ್ನು ಬರೆದುಕೊಂಡು ತಾನೇ ಓದುತ್ತಿದ್ದಳು, ಅವರ ಧ್ವನಿ ಮುದ್ರಿಸಿದ್ದು ಅದೇ ಮೊದಲು. ಅವರ ಊರು, ಪಕ್ಕದ ಎರಡು ಊರು, ಮೂರಕ್ಕೂ ಒಂಬತ್ತು ದಿನದಿಂದ ಕುಡಿಯುವ ನೀರಿಲ್ಲ. ಪಂಪು ಕೆಟ್ಟಿದೆ. ರಿಪೇರಿ ಆಗಿದೆ ಎಂದು ಇಲಾಖೆಯವರು ಕಾಗದದಲ್ಲಿ ಬರೆದಿದ್ದಾರೆ. ಒಳ್ಳೆಯ ಸುದ್ದಿ ಎಂದು ಅಕ್ಕ ಖುಷಿಯಾಗಿ ಕರವಸ್ತ್ರ ಅದುಮಿಕೊಂಡು ಕೇಳುತ್ತಿದ್ದಳು.

"ಪಂಪು ಒಂಬತ್ತು ದಿನದಿಂದ ಕೆಟ್ಟಿದೆ, ಪೂರ್ಣವಿರಾಮ" ಎಂದರು ಮೇಷ್ಟ್ರು. ನಿಂತರು. ಅಕ್ಕ ಸುಮ್ಮನಿದ್ದಳು. "ಒಂಬತ್ತು... ಎಂಟು ಒಂಬತ್ತು ದಿನ ಆಗಿರ್ಬಹುದು" ಎಂದರು. ಮತ್ತೆ ನಿಂತರು. "ಮೂರೂ ಊರಿಗೆ ಇಲ್ಲ. ಅಂದ್ರೆ, ಮೂರನೇ ಊರಿನವ್ರು ಹೇಳಿದ್ದು, ನಾನು ಹೋಗಿಲ್ಲ." ಧ್ವನಿ ಇಳಿಯುತ್ತಾ ಹೋಯಿತು. "ತಾಯಿ, ಇವತ್ತು ಇದು ಬೇಡ, ಬಿಟ್ಬಿಡು" ಎಂದು ಫೋನಿಟ್ಟರು.

ಮರುದಿನ ಮೂರೂವರೆಗೆ ಫೋನು ಬರಲಿಲ್ಲ. ನಾಲ್ಕಾಯಿತು, ನಾಲ್ಕೂವರೆಯಾಯಿತು. ಐದಕ್ಕೆ ಬಂದದ್ದು ಒಬ್ಬ ಹೆಂಗಸಿನ ಧ್ವನಿ. ಮೇಷ್ಟ್ರ ಹೆಂಡತಿ.

"ನೀವೇನಾ ಫೋನಲ್ಲಿ ಬರ್ಕೊಳ್ಳೋರು? ಇವ್ರು ನಿನ್ನೆಯಿಂದ ಊಟ ಮಾಡಿಲ್ಲ. 'ಇಪ್ಪತ್ತೆರಡು ವರ್ಷದಲ್ಲಿ ಆಕೆ ನನ್ನ ಮಾತು ಒಂದೊಂದ್ಸಲ ನಂಬದೇ ಇದ್ದದ್ದುಂಟು, ಒಂದು ಸುದ್ದಿ ಪೂರ್ತಿ ನಂಬದೇ ಇದ್ದದ್ದಿಲ್ಲ' ಅಂದ್ರು. ಬೆಳಿಗ್ಗೆ ಎದ್ದು ಆ ಪಂಪು ನೋಡ್ತೀನಿ, ಮೂರನೇ ಊರಿನ ಮನೆಮನೆ ಕೇಳ್ತೀನಿ ಅಂತ ಬಿಸಿಲಲ್ಲಿ ನಡ್ಕೊಂಡು ಹೋದ್ರು. ಎಪ್ಪತ್ತೊಂದು ವರ್ಷ ಅವ್ರಿಗೆ. ವಾಪಸ್ ಬರೋ ದಾರೀಲಿ ತಲೆ ತಿರುಗಿ ಬಿದ್ರು. ಈಗ ಆಸ್ಪತ್ರೇಲಿ ಮಲಗಿದ್ದಾರೆ, ಗ್ಲುಕೋಸ್ ಹಾಕಿದ್ದಾರೆ. ಅಲ್ಲಿ ಬರ್ಕೊಂಡ ಚೀಟಿ ನನ್ನ ಕೈಲಿ ಕೊಟ್ಟು ನಿಮಗೆ ಫೋನ್ ಮಾಡು ಅಂತಾರೆ. ನಂಗೆ ಓದೋಕೆ ಬರಲ್ಲ."

ಬಾಯಿಗೆ ಅದುಮಿದ ಆ ಕರವಸ್ತ್ರವೇ ಒಬ್ಬ ಮನುಷ್ಯನನ್ನು ಬಿಸಿಲಿಗೆ ಅಟ್ಟಿತ್ತು. ನಂಬಿಕೆಯಿಲ್ಲದಾಗ ಮಾತ್ರ ಸುಮ್ಮನಿರುವವಳು ಇದ್ದಕ್ಕಿದ್ದಂತೆ ಐದು ವಾರದಿಂದ ಮುದ್ರಿಸುವಾಗಲೆಲ್ಲ ಸುಮ್ಮನಿದ್ದಳು. ಯಾಕೆ ಎಂದು ಒಬ್ಬರಿಗಾದರೂ ಹೇಳಿದಳೇ? ಇಲ್ಲ. ಹೇಳಬೇಕು ಎಂದು ಹೊಳೆಯಲೇ ಇಲ್ಲ. ಅಂಥ ಒಡಂಬಡಿಕೆ ಇತ್ತು ಎಂಬುದೇ ಅವಳಿಗೆ ಮರೆತುಹೋಗಿತ್ತು, ಪಾಪ, ಅಷ್ಟು ಸಹಜವಾಗಿ ಅದರೊಳಗೇ ಬದುಕಿದ್ದಳು.

ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟಳು. ಮೂರೂವರೆ ಗಂಟೆಯ ದಾರಿ. ಆಸ್ಪತ್ರೆಯ ಆರು ಮಂಚಗಳಲ್ಲಿ ಕಿಟಕಿ ಪಕ್ಕದ್ದರಲ್ಲಿ ಒಬ್ಬ ಸಣ್ಣ ಮನುಷ್ಯ ಮಲಗಿದ್ದರು. ಫೋನಿನಲ್ಲಿ ಆ ಧ್ವನಿ ಕೇಳಿ ಕೇಳಿ ಅಕ್ಕ ಆರಡಿ ಎತ್ತರದ ಆಸಾಮಿ ಎಂದುಕೊಂಡಿದ್ದಳು. ಅವರೂ ಕಣ್ಣು ಕಿರಿದು ಮಾಡಿ ನೋಡಿದರು, ಗುರುತಾಗಲಿಲ್ಲ.

"ಮೇಷ್ಟ್ರೇ" ಎಂದಳು.

ಗುರುತು ಸಿಕ್ಕಿದ್ದು ಆಗ. ಎದ್ದು ಕೂರಲು ಹೋದರು. ಹೆಂಡತಿ ಭುಜ ಹಿಡಿದು ಮಲಗಿಸಿದರು.

"ಅವತ್ತಿಗೆ ಒಂಬತ್ತೇ ದಿನ ತಾಯಿ. ಮೂರನೇ ಊರಲ್ಲಿ ಹದಿನೇಳು ಮನೆ ಕೇಳಿದೆ."

"ನಿಮ್ಮ ಮೇಲೆ ನಂಗೆ ಯಾವತ್ತು ಅನುಮಾನ ಬಂದಿತ್ತು ಮೇಷ್ಟ್ರೇ? ತಪ್ಪು ನಂದು. ನಂದೇ ತಪ್ಪು" ಎಂದು ಅಕ್ಕ ಮಂಚದ ಅಂಚಿನಲ್ಲಿ ಕೂತು ಅತ್ತುಬಿಟ್ಟಳು. ಮುದ್ರಿಸುವಾಗ ತನ್ನ ಸದ್ದು ಬರಬಾರದೆಂದು ಬಾಯಿ ಕಟ್ಟಿಕೊಂಡಿದ್ದನ್ನು ಹೇಳಿದಳು. ಕರವಸ್ತ್ರವನ್ನೂ ತೆಗೆದು ತೋರಿಸಿದಳು. ಎಮ್ಮೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಮೇಷ್ಟ್ರು ಹೊಟ್ಟೆ ಕುಲುಕಿಸಿ ನಗತೊಡಗಿದರು. ಗ್ಲುಕೋಸಿನ ಬಾಟಲಿ ಅಲ್ಲಾಡಿತು, ನರ್ಸ್ ಬಂದು ಗದರಿದಳು.

"ನೀನು ಹೂಂ ಅನ್ನದೇ ಇದ್ರೆ ನಂಗೆ ಮಾತೇ ಹೊರಡಲ್ಲ ತಾಯಿ. ಗೋಡೆ ಹತ್ರ ಮಾತಾಡಿದ ಹಾಗಾಗುತ್ತೆ" ಎಂದರು.

ಮಧ್ಯಾಹ್ನ ಅವರನ್ನು ಮನೆಗೆ ಕಳಿಸಿದರು, ಅಕ್ಕನೂ ಜೊತೆಗೆ ಹೋದಳು. ಆ ಮನೆಯಲ್ಲಿ ಮೇಷ್ಟ್ರು ಕೂತು ಫೋನು ಮಾಡುವ ಜಾಗ ತೋರಿಸಿದರು: ಬಾಗಿಲ ಪಕ್ಕದ ಬೆಂಚು. ಮೇಷ್ಟ್ರು ಸುದ್ದಿ ಹೇಳುವಾಗ ಹೆಂಡತಿ ಯಾವಾಗಲೂ ಅಲ್ಲೇ ಎದುರು ಕೂತು ತರಕಾರಿ ಹೆಚ್ಚುವುದೋ ಬಟ್ಟೆ ಮಡಚುವುದೋ ಮಾಡುತ್ತಿದ್ದರಂತೆ. ಅಕ್ಕ ಅವರನ್ನು ನೋಡಿದಳು. ಅವರ ಸೆರಗಿನ ಗಂಟಿನಲ್ಲಿ ಮಗಳು ಕೊಡಿಸಿದ ಇನ್ನೊಂದು ಫೋನು ಇತ್ತು. ಆ ಕಡೆ ಯಾರಿದ್ದಾರೆ ಎಂದು ಕಿವಿ ಕೇಳಿದ್ದನಲ್ಲ. ಇವರಿದ್ದಾರೆ!

ಅಲ್ಲಿಂದಲೇ ಕಿವಿಗೆ ಫೋನು ಮಾಡಿದಳು. ಅವನು ಹೇಳುತ್ತಾ ಹೋದ, ಇವಳು ಮೇಷ್ಟ್ರ ಮನೆಯ ಅಮ್ಮನಿಗೆ ಕಲಿಸುತ್ತಾ ಹೋದಳು. ಮೇಷ್ಟ್ರು ತಮ್ಮ ಫೋನಿನಲ್ಲಿ ಅಕ್ಕನ ಜೊತೆ ಮಾತನಾಡುವುದು, ಇಯರ್‌ಫೋನು ಸಿಕ್ಕಿಸಿಕೊಂಡು. ಅಕ್ಕನ ಹೂಂ ಅವರ ಕಿವಿಯೊಳಗೇ ಉಳಿಯುತ್ತದೆ, ಹೊರಗೆ ಬರುವುದಿಲ್ಲ. ಅಮ್ಮ ತಮ್ಮ ಫೋನಿನ ರೆಕಾರ್ಡರ್ ಒತ್ತಿ ಮೇಷ್ಟ್ರ ಗದ್ದದಿಂದ ಒಂದು ಗೇಣು ದೂರ ಹಿಡಿಯುವುದು. ಮುಗಿದ ಮೇಲೆ ಆ ಮುದ್ರಣವನ್ನು ಕಚೇರಿಗೆ ಕಳಿಸುವುದು. ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಕೆಂಪು ಗುಂಡಿ ಮತ್ತು ಬಾಣದ ಗುರುತು ಎರಡು ನಿಮಿಷದಲ್ಲಿ ಬಂತು.

"ಹೇಳಿ ಮೇಷ್ಟ್ರೇ" ಎಂದಳು ಅಕ್ಕ ಹಿತ್ತಲಲ್ಲಿ ನಿಂತು, ಗೋಡೆಯ ಆಚೆಯಿಂದ ಫೋನಿನಲ್ಲಿ.

"ಪಂಪು ಹನ್ನೊಂದು ದಿನದಿಂದ ಕೆಟ್ಟಿದೆ, ಪೂರ್ಣವಿರಾಮ."

"ಹೂಂ."

ಅಷ್ಟೇ ಸಾಕಾಯಿತು. ಮೇಷ್ಟ್ರು ಓಡಿದರು. ಎರಡು ಕಿಲೋಮೀಟರ್ ದೂರದ ಬಾವಿಗೆ ಹೋಗುವವರು, ಕೊಡಗಳ ಸಾಲು, ಶಾಲೆಗೆ ತಡವಾಗಿ ಬರುವ ಹೆಣ್ಣುಮಕ್ಕಳು, ರಿಪೇರಿ ಆಗಿದೆ ಎಂದು ಸಹಿ ಮಾಡಿದ ಕಾಗದ, ಎಲ್ಲ ಬಂತು. ಕಚೇರಿಯಲ್ಲಿ ಕಿವಿ ಆ ಧ್ವನಿಯನ್ನು ಕೊನೆಯವರೆಗೂ ಕೇಳಿದನಂತೆ. ಹೆಡ್‌ಫೋನು ತೆಗೆಯಲೇ ಇಲ್ಲವಂತೆ. ಮರುದಿನ ಬೆಳಿಗ್ಗೆಯ ಬುಲೆಟಿನ್‌ನ ಗೆರೆ ನಲವತ್ತನೇ ಸೆಕೆಂಡಿನಲ್ಲಿ ಬೀಳಲಿಲ್ಲ. ಪಂಪು ಮಾತ್ರ ಕೆಟ್ಟೇ ಇತ್ತು.

ಅಕ್ಕ ಉಳಿದ ವರದಿಗಾರರಿಗೂ ಒಬ್ಬೊಬ್ಬರಿಗೆ ಫೋನು ಮಾಡಿ ಕ್ಷಮೆ ಕೇಳಿದಳು, ಇದೇ ಪದ್ಧತಿ ಕಲಿಸಿದಳು. ಔಷಧಿ ಅಂಗಡಿಯವರಿಗೆ ಅವರ ತಮ್ಮ ಫೋನು ಹಿಡಿದ, ಸ್ಟುಡಿಯೋದವರು ಕ್ಯಾಮೆರಾದ ಸ್ಟ್ಯಾಂಡಿಗೇ ಕಟ್ಟಿದರು. ಹೂಂ ಮತ್ತೆ ಬಂತು, ಅದರೊಂದಿಗೆ ಮೌನಕ್ಕೂ ಅದರ ಹಳೆಯ ಬೆಲೆ ಬಂತು. ಕೊನೆಯವರೆಗೆ ಕೇಳುವವರು ನೂರಕ್ಕೆ ನಲವತ್ತೈದಾದರು, ಐವತ್ತೆರಡಾದರು. ಹನ್ನೊಂದನೇ ವಾರಕ್ಕೆ ಐವತ್ತೇಳು. ಅರವತ್ತು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಮುಖ್ಯಸ್ಥೆ ದಿನಾ ಬಂದು ಬಾಗಿಲಲ್ಲಿ ನಿಂತು, ಏನೂ ಕೇಳದೆ ಹೋಗುತ್ತಿದ್ದಳು.

ಕೊನೆಯ ವಾರ ಮೇಷ್ಟ್ರ ಗಂಟಲು ಹೋಯಿತು. ಹತ್ತು ದಿನ ಮಾತನಾಡಕೂಡದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಅವರ ಊರಿನಿಂದ ಸುದ್ದಿಯಿಲ್ಲ ಎಂದು ಅಕ್ಕ ಬರೆದುಕೊಂಡಳು. ಮೂರೂವರೆಗೆ ಸರಿಯಾಗಿ ಫೋನು ಬಂತು.

"ನಾನು ಕಣಮ್ಮಾ" ಎಂದರು ಮೇಷ್ಟ್ರ ಹೆಂಡತಿ. "ಸುದ್ದಿ ಇದೆ. ಇವ್ರು ಇಲ್ಲಿ ಕೂತು ಕೈ ಬಾಯಿ ಆಡಿಸ್ತಿದ್ದಾರೆ, ನಂಗೇನೂ ಅರ್ಥ ಆಗ್ತಿಲ್ಲ. ನಾನೇ ಹೇಳ್ಲಾ? ರೆಕಾರ್ಡ್ ಮಾಡೋ ಫೋನ್ ಇವ್ರ ಕೈಲಿ ಕೊಟ್ಟಿದ್ದೀನಿ, ಹಿಡ್ಕೊಂಡಿದ್ದಾರೆ."

"ಹೇಳಿ ಅಮ್ಮಾ."

"ಇವತ್ತು ಬೆಳಿಗ್ಗೆ ಆರೂ ಹತ್ತಕ್ಕೆ ನಮ್ಮ ಬೀದಿ ನಲ್ಲೀಲಿ ನೀರು ಬಂತು, ಪೂರ್ಣವಿರಾಮ."

ಅಕ್ಕ "ಹೂಂ" ಎಂದಳು.

"ಮೊದ್ಲು ಗಾಳಿ ಬಂತು, ಬುಸ್ ಅಂತ. ಆಮೇಲೆ ಕೆಂಪು ನೀರು. ಆಮೇಲೆ ಒಳ್ಳೇದು. ನಾನು ಮೊದಲ ಚೊಂಬು ಗಿಡಕ್ಕೆ ಹಾಕ್ದೆ, ಎರಡನೇದು ಕುಡಿದೆ. ಪೂರ್ಣವಿರಾಮ. ಹೊಸ ಪ್ಯಾರಾ. ಮೂರು ಊರಿಗೂ ಬಂತು."

ಅಕ್ಕ ಸುಮ್ಮನಿದ್ದಳು.

"ಮೂರನೇ ಊರು ನಾನು ನೋಡಿಲ್ಲ" ಎಂದರು ಅಮ್ಮ. "ಅಲ್ಲಿ ನನ್ನ ತಂಗಿ ಇದ್ದಾಳೆ. ಕೇಳ್ಕೊಂಡು ಹತ್ತು ನಿಮಿಷಕ್ಕೆ ಫೋನ್ ಮಾಡ್ತೀನಿ." ಹನ್ನೆರಡು ನಿಮಿಷಕ್ಕೆ ಮಾಡಿದರು. "ಬಂದಿಲ್ಲ ಕಣಮ್ಮಾ. ಎರಡೇ ಊರಿಗೆ ಬಂದಿರೋದು. ಮೂರನೇ ಊರಲ್ಲಿ ಪೈಪು ಒಡೆದಿದೆ. ನನ್ನ ತಂಗಿ ಇನ್ನೂ ಬಾವಿಯಿಂದ ಹೊರ್ತಿದ್ದಾಳೆ. ಅದನ್ನೂ ಹಾಕಿ."

ಕಿವಿ ಎಲ್ಲವನ್ನೂ ಜೋಡಿಸಿ ಕೇಳಿಸಿದ. ಪೂರ್ಣವಿರಾಮಗಳನ್ನು ಕತ್ತರಿಸಲೇ ಎಂದು ಕೇಳಿದ. "ಮುಟ್ಬೇಡ" ಎಂದಳು ಅಕ್ಕ. ಆ ಬೆಳಿಗ್ಗೆ ಕೇಳಿದವರಲ್ಲಿ ನೂರಕ್ಕೆ ಎಪ್ಪತ್ತೊಂದು ಜನ ಕೊನೆಯವರೆಗೂ ಕೇಳಿದರು. ಬುಲೆಟಿನ್ ಫೋನಿನಿಂದ ಫೋನಿಗೆ ಹೋಯಿತು. ಮೂರನೇ ಊರಿನ ಪೈಪನ್ನು ಅದೇ ಸಂಜೆ ಸರಿಮಾಡಿದರು. ಆ ವಾರದ ಸರಾಸರಿ ಅರವತ್ತೆರಡು.

ಶನಿವಾರ ಮುಖ್ಯಸ್ಥೆ ಕರೆದಳು. ಮೇಜಿನ ಮೇಲೆ ಎರಡು ಕಾಗದ. "ಡೆಸ್ಕ್ ಉಳೀತು ಅಕ್ಕ" ಎಂದಳು, ಆದರೆ ಮುಖ ಅರಳಿರಲಿಲ್ಲ. "ಬುಲೆಟಿನ್ ಮುಂದುವರಿಯುತ್ತೆ, ವರದಿಗಾರರೂ ಇರ್ತಾರೆ, ಸುದ್ದಿ ಲೆಕ್ಕದಲ್ಲೇ. ನಿಂಗೆ ಮಾತ್ರ ಕಾಯಂ ಕೆಲಸ ಇಲ್ಲ. ಈ ಕಾಗದ ರಾಜೀನಾಮೆ, ಆ ಕಾಗದ ಒಂದು ವರ್ಷದ ಗುತ್ತಿಗೆ. ಮುಂದಿನ ವರ್ಷ ಮತ್ತೆ ನೋಡ್ತಾರಂತೆ. ಇಷ್ಟು ಮಾಡೋಕಾಯ್ತು ನನ್ನ ಕೈಲಿ. ಪುಟ ಇವತ್ತು ಕೊನೆ." ಅವಳ ಕಣ್ಣಲ್ಲಿ ನೀರು ನಿಂತಿತ್ತು. ಅಕ್ಕ ಎದ್ದು ಹೋಗಿ ಎರಡು ಟೀ ತಂದಳು. ಇಬ್ಬರೂ ಕುಡಿದರು. ಆಮೇಲೆ ಎರಡೂ ಕಾಗದಕ್ಕೆ ಸಹಿ ಹಾಕಿದಳು.

ಮೇಷ್ಟ್ರಿಗೆ ಹೇಳಬೇಕಿತ್ತಲ್ಲ. ಇಪ್ಪತ್ತೆರಡು ವರ್ಷ ತಮ್ಮ ಸುದ್ದಿ ಬಂದ ಪುಟಗಳನ್ನೆಲ್ಲ ಕತ್ತರಿಸಿ ಪೆಟ್ಟಿಗೆಯಲ್ಲಿಟ್ಟವರು. ಆ ಮನೆಯಲ್ಲಿ ಅದನ್ನು ಕಣ್ಣಾರೆ ನೋಡಿಬಂದಿದ್ದಳು. ನಾಳೆಯಿಂದ ಕತ್ತರಿಸಲು ಏನೂ ಇಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಎರಡು ಸಲ ನಂಬರು ಒತ್ತಿ ಎರಡು ಸಲ ಕತ್ತರಿಸಿದಳು. ಮೂರನೇ ಸಲ ಅವರೇ ಎತ್ತಿಕೊಂಡರು. ಗಂಟಲು ಇನ್ನೂ ಪಿಸುಮಾತಿನಷ್ಟೇ ಇತ್ತು.

ಅವಳು ಒಂದೇ ಉಸಿರಿಗೆ ಹೇಳಿದಳು. ಪುಟ ನಿಂತಿತು, ಬುಲೆಟಿನ್ ಉಳಿಯಿತು, ತನಗೆ ಒಂದು ವರ್ಷ, ನಿಮಗೆಲ್ಲ ಸದ್ಯಕ್ಕೆ ತೊಂದರೆಯಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಮ್ಮನ ಧ್ವನಿ ಕೇಳಿಸಿತು.

"ನಾಳೇದೂ ನಾನೇ ಕೊಡ್ತೀನಿ ಅಂತ ಹೇಳಿ. ಶಾಲೆಗೆ ಹೊಸ ಮೇಡಂ ಬಂದಿದ್ದಾರೆ, ನಾನು ಹೋಗಿ ಮಾತಾಡಿಸ್ಕೊಂಡು ಬಂದಿದ್ದೀನಿ."

"ಶಾಲೆ ಸುದ್ದಿ ನಂದು" ಎಂದು ಮೇಷ್ಟ್ರು ಪಿಸುಗುಟ್ಟಿದರು.

"ಗಂಟಲೇ ಇಲ್ಲ, ಸುದ್ದಿ ನಂದಂತೆ! ನೀವು ಫೋನ್ ಹಿಡ್ಕೊಳ್ಳಿ ಸಾಕು."

ಇಬ್ಬರೂ ವಾದಕ್ಕೆ ಬಿದ್ದರು. ಪುಟದ ವಿಷಯವೇ ಅಲ್ಲಿ ಮರೆತುಹೋಯಿತು. ಅಕ್ಕ ಫೋನು ಕಿವಿಗೆ ಒತ್ತಿಕೊಂಡು, ಖಾಲಿ ಹಾಲಿನ ಮಧ್ಯೆ ನಿಂತು, ನಗುತ್ತಾ ಅಳುತ್ತಾ ಕೇಳುತ್ತಿದ್ದಳು. ಬಾಯಿಂದ ಒಂದು ಮಾತೂ ಹೊರಡಲಿಲ್ಲ. ವಾದ ತಟ್ಟನೆ ನಿಂತಿತು.

"ತಾಯಿ" ಎಂದರು ಮೇಷ್ಟ್ರು, ಗಾಬರಿಯಿಂದ. "ಲೈನಲ್ಲಿದ್ದೀಯಾ?"

"ಇದ್ದೀನಿ ಮೇಷ್ಟ್ರೇ" ಎಂದಳು ಅಕ್ಕ. "ಇಲ್ಲೇ ಇದ್ದೀನಿ, ಹೇಳಿ."